ಎಕ್ಸಿಕ್ಯೂಟರ್ ಅಂದರೆ ಮಾಲೀಕನಲ್ಲ: ಕಲಬುರಗಿಯ ಒಬ್ಬ ತಾಯಿಯ ವಿಲ್ ಪ್ರಕರಣ

ಈ ಪ್ರಕರಣದ ತಾಯಿಗೆ 78 ವರ್ಷ. ಯಜಮಾನರು ತೀರಿಕೊಂಡಿದ್ದಾರೆ. ದೊಡ್ಡ ಮಗ ಪುಣೆಯಲ್ಲಿ ನೌಕರಿ ಮಾಡುತ್ತಾನೆ, ಚಿಕ್ಕ ಮಗ ಚಿತ್ತಾಪುರ ತಾಲ್ಲೂಕಿನ ಹಳ್ಳಿಯಲ್ಲಿ ಒಕ್ಕಲುತನ, ಮಗಳು ಕಲಬುರಗಿಯಲ್ಲೇ ಶಾಲೆಯಲ್ಲಿ ಟೀಚರ್. ತಾಯಿ ಇರುವುದು ಕಲಬುರಗಿಯ ಸ್ವಂತ ಮನೆಯಲ್ಲಿ. ನಾಲ್ಕನೇ ಇಯತ್ತೆವರೆಗೆ ಓದಿದವರು. ಕನ್ನಡ ನಿಧಾನಕ್ಕೆ ಕೂಡಿಸಿ ಓದುತ್ತಾರೆ, ಹೆಸರು ಬರೆದು ಸಹಿ ಮಾಡುತ್ತಾರೆ. ಇಂಗ್ಲಿಷ್ ಬರುವುದಿಲ್ಲ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಕಾನೂನಿನ ಮಾತು ಮಾತ್ರ ಇದ್ದದ್ದು ಇದ್ದ ಹಾಗೆ ಇದೆ.

ದೊಡ್ಡ ಮಗ ಪುಣೆಯ ವಕೀಲರೊಬ್ಬರ ಕಡೆ ಇಂಗ್ಲಿಷಿನಲ್ಲಿ ಒಂದು ವಿಲ್ ಬರೆಸಿ ಕಳಿಸಿದ್ದ. ಐದು ಪುಟ. ಅದನ್ನು ಮಗಳು ಇಲ್ಲಿಯ ಒಂದು ಟೈಪಿಂಗ್ ಅಂಗಡಿಯಲ್ಲಿ ಕನ್ನಡಕ್ಕೆ ಮಾಡಿಸಿ ತಾಯಿಗೆ ಓದಿ ಹೇಳಿದ್ದಳು. ಓದಿದ ಮೇಲೆ ಮನೆಯಲ್ಲಿ ದೊಡ್ಡ ಜಗಳ. ತಾಯಿ ಸಹಿ ಮಾಡುವುದಿಲ್ಲ ಅಂತ ಕೂತರು. ಚಿಕ್ಕ ಮಗ ಹಳ್ಳಿಯಿಂದ ಬಂದು, ಅಣ್ಣ ಎಲ್ಲಾ ತನ್ನ ಹೆಸರಿಗೆ ಬರೆಸಿಕೊಂಡಾನೆ ಅಂತ ಕೂಗಾಡಿದ. ಆಮೇಲೆ ಮಗಳು ಎರಡೂ ಕಾಗದ ಹಿಡಿದು ನಮ್ಮ ಆಫೀಸಿಗೆ ಬಂದಳು. ನಾನು ಇಲ್ಲಿ ಸಿವಿಲ್ ಕಡೆ ಕೆಲಸ ಮಾಡುವ ವಕೀಲ.

ಜಗಳ ಎಬ್ಬಿಸಿದ್ದು ಒಂದೇ ವಾಕ್ಯ. ಇಂಗ್ಲಿಷಿನಲ್ಲಿ, ನನ್ನ ಹಿರಿಯ ಮಗನನ್ನು ಈ ವಿಲ್‌ನ ಎಕ್ಸಿಕ್ಯೂಟರ್ ಆಗಿ ನೇಮಿಸುತ್ತೇನೆ ಅಂತ ಇತ್ತು. ಎಕ್ಸಿಕ್ಯೂಟರ್ ಅಂದರೆ ವಿಲ್‌ನಲ್ಲಿ ಬರೆದ ಹಾಗೆ ಆಸ್ತಿ ಹಂಚಿಕೊಡುವವನು. ಟೈಪಿಂಗ್ ಅಂಗಡಿಯ ಕನ್ನಡದಲ್ಲಿ ಅದು ಹೀಗಾಗಿತ್ತು: "ನನ್ನ ಹಿರಿಯ ಮಗನನ್ನು ನನ್ನ ಸ್ಥಿರ ಮತ್ತು ಚರ ಆಸ್ತಿಗಳ ಏಕೈಕ ಅಧಿಕಾರಿಯನ್ನಾಗಿ ನೇಮಿಸಿರುತ್ತೇನೆ." ಇದನ್ನು ಕೇಳಿದ ಯಾವ ತಾಯಿಗಾದರೂ ಎಲ್ಲ ಆಸ್ತಿ ದೊಡ್ಡವನಿಗೆ ಹೋಯಿತು ಅಂತಲೇ ಅನಿಸುತ್ತದೆ. ಮುಂದಿನ ಪುಟದಲ್ಲಿ ಮನೆ ಯಾರಿಗೆ, ಹೊಲ ಯಾರಿಗೆ ಅಂತ ಬೇರೆ ಬೇರೆ ಬರೆದದ್ದನ್ನು ಯಾರೂ ಕಿವಿಗೊಟ್ಟು ಕೇಳಲೇ ಇಲ್ಲ.

ನಾನು ತಾಯಿಯ ಮನೆಗೇ ಹೋದೆ. ಮೊದಲು ಮಗಳನ್ನು, ಮೊಮ್ಮಕ್ಕಳನ್ನು ಹೊರಗೆ ಕೂರಲು ಹೇಳಿದೆ. ಮಗಳ ಮೇಲೆ ಅನುಮಾನ ಇತ್ತು ಅಂತಲ್ಲ. ಆ ವಿಲ್‌ನಲ್ಲಿ ಅವಳಿಗೂ ಪಾಲು ಇತ್ತು. ಪಾಲು ಸಿಗುವವರೇ ಮುಂದೆ ನಿಂತು ವಿಲ್ ಮಾಡಿಸಿದರೆ, ಓದಿ ಅರ್ಥ ಹೇಳಿದವರೂ ಅವರೇ ಆದರೆ, ನಾಳೆ ಕೋರ್ಟಿನಲ್ಲಿ ಅದೇ ಮೊದಲ ಪ್ರಶ್ನೆ. ಮೈಸೂರು ಕಡೆಯಿಂದ ಸುಪ್ರೀಂ ಕೋರ್ಟಿಗೆ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದ 1959ರ ತೀರ್ಪು ಇವತ್ತಿಗೂ ವಿಲ್ ಕೇಸುಗಳಲ್ಲಿ ಉಲ್ಲೇಖ ಆಗುತ್ತದೆ. ಫಾಯಿದೆ ಆಗುವವರು ವಿಲ್ ಮಾಡಿಸುವುದರಲ್ಲಿ ಮುಖ್ಯ ಪಾತ್ರ ವಹಿಸಿದ್ದರೆ ಅದು ಅನುಮಾನದ ಸಂಗತಿ, ಆ ಅನುಮಾನ ನೀಗಿಸುವ ಹೊಣೆ ವಿಲ್ ಮುಂದಿಡುವವರದ್ದೇ ಅಂತ ಅದರಲ್ಲಿ ಹೇಳಿದೆ. ಹಾಗಾಗಿ ಮಕ್ಕಳು ಮನೆಯಲ್ಲಿ ತಾಯಿಗೆ ಬೇಕಾದಷ್ಟು ಓದಿ ಹೇಳಲಿ. ಸಹಿಗೆ ಮುಂಚಿನ ಕೊನೆಯ ಓದನ್ನು ಮಾತ್ರ ಪಾಲಿಲ್ಲದ ಒಬ್ಬರು ಮಾಡಬೇಕು ಅನ್ನುವುದು ನನ್ನ ಪಕ್ಕಾ ಅಭಿಪ್ರಾಯ.

ಕಾಗದ ತೆಗೆಯುವ ಮುಂಚೆ ತಾಯಿಯ ಮನಸ್ಸಿನಲ್ಲಿ ಏನಿದೆ ಅಂತ ಕೇಳಿದೆ. ಅವರಿಗೆ ಯಾವ ಗೊಂದಲವೂ ಇರಲಿಲ್ಲ. ಮನೆ ದೊಡ್ಡ ಮಗನಿಗೂ ಮಗಳಿಗೂ ಅರ್ಧ ಅರ್ಧ. ಹೊಲ ಚಿಕ್ಕವನಿಗೆ, ಬಿತ್ತಿ ಬೆಳೆಯುವವನು ಅವನೇ. ಬ್ಯಾಂಕಿನಲ್ಲಿ 6 ಲಕ್ಷದ ಎಫ್‌ಡಿ ಇದೆ, ಅದು ಮೂವರಿಗೂ ಸಮ. 15 ತೊಲಿ ಬಂಗಾರ ಮಗಳಿಗೆ ಮತ್ತು ಇಬ್ಬರು ಸೊಸೆಯಂದಿರಿಗೆ. ಇಷ್ಟನ್ನು ನಾನು ಒಂದು ಹಾಳೆಯಲ್ಲಿ ಬರೆದುಕೊಂಡು ಪಕ್ಕಕ್ಕಿಟ್ಟೆ. ಆಮೇಲೆ ಪುಣೆಯ ಕಾಗದ ತೆಗೆದೆ.

"ವಕೀಲ ಸಾಬ್ರೇ, ದೊಡ್ಡವನ್ನ ಅಧಿಕಾರಿ ಮಾಡಿದ್ರ ಉಳಿದವ್ರು ಅವ್ನ ಕೈ ಕಾಯ್ಬೇಕೇನ್ರಿ?" ಅಂತ ಅವರ ಮೊದಲ ಪ್ರಶ್ನೆ.

ನಾನು ಶರಣಬಸವೇಶ್ವರ ಗುಡಿಯ ದಾಸೋಹ ನೆನಪಿಸಿದೆ. "ಅವ್ವಾ, ಪಂಕ್ತಿಯೊಳಗ ಬಡಿಸೋನು ಬ್ಯಾರೆ, ಉಣ್ಣೋರು ಬ್ಯಾರೆ. ಸೌಟು ಕೈಯಾಗ ಐತಿ ಅಂತ ಅನ್ನ ಬಡಿಸೋನ್ದು ಆಗಂಗಿಲ್ಲ. ಯಾರ ಎಲಿಗೆ ಏನು ಅಂತ ನೀವು ಬರೆದಿಟ್ಟಿರ್ತೀರಿ, ಅವ ಅದರಂಗ ಬಡಿಸ್ಬೇಕು. ಬಡಿಸೋನಿಗೂ ಒಂದು ಎಲಿ ಹಾಕಿದ್ರ ಅವನೂ ಉಣ್ಣಬಹುದು, ಅಷ್ಟೇ." ಬಡಿಸುವವನು ಎಕ್ಸಿಕ್ಯೂಟರ್. ಎಲೆ ಮುಂದೆ ಕೂತವರು ಬೆನಿಫಿಶಿಯರಿ, ಅಂದರೆ ಫಲಾನುಭವಿಗಳು. ಒಬ್ಬನೇ ಎರಡೂ ಆಗಬಹುದು, ಕಾನೂನಿನಲ್ಲಿ ಅದಕ್ಕೆ ಅಡ್ಡಿ ಇಲ್ಲ. ಇಲ್ಲಿ ದೊಡ್ಡ ಮಗ ಹಾಗೇ ಇದ್ದ: ಮನೆಯ ಅರ್ಧಕ್ಕೆ ಫಲಾನುಭವಿ, ಇಡೀ ವಿಲ್‌ಗೆ ಎಕ್ಸಿಕ್ಯೂಟರ್.

ಹಾಗಾದರೆ ಎಕ್ಸಿಕ್ಯೂಟರ್ ಮಾಡುವ ಕೆಲಸ ಏನು ಅಂತ ತಾಯಿಗೆ ಒಂದೊಂದಾಗಿ ಹೇಳಿದೆ. ನೀವು ಹೋದ ಮೇಲೆ ಮರಣ ಪ್ರಮಾಣಪತ್ರ ತೆಗೆಸುತ್ತಾನೆ. ಅಂತ್ಯಕ್ರಿಯೆಯ ಖರ್ಚು ಮೊದಲು, ಆಮೇಲೆ ನಿಮ್ಮ ಸಾಲ ಏನಾದರೂ ಇದ್ದರೆ ಅದು, ಇವೆರಡನ್ನೂ ನಿಮ್ಮ ದುಡ್ಡಿನಲ್ಲೇ ತೀರಿಸುತ್ತಾನೆ. ಉಳಿದದ್ದನ್ನು ಬರೆದ ಪ್ರಕಾರ ಹಂಚುತ್ತಾನೆ. ಬ್ಯಾಂಕಿಗೆ ವಿಲ್ ತೋರಿಸುವುದು, ಮನೆಯ ಖಾತೆ ಬದಲಿಗೆ ಮಹಾನಗರ ಪಾಲಿಕೆಗೆ ಅರ್ಜಿ ಕೊಡುವುದು, ಹೊಲದ ಮ್ಯುಟೇಶನ್‌ಗೆ ಓಡಾಡುವುದು ಇವೆಲ್ಲ ಅವನ ಪಾಲಿನ ಕೆಲಸ. ನೀವು ಹೋದ ಮೇಲೆ ಒಂದು ವರ್ಷ ಕಳೆಯುವ ತನಕ ಪಾಲು ಕೊಡಲೇಬೇಕು ಅಂತ ಕಾನೂನು ಅವನನ್ನು ಒತ್ತಾಯಿಸುವುದಿಲ್ಲ. ಲೆಕ್ಕ ಕೂಡಿಸಲು ಅಷ್ಟು ಕಾಲ ಕೊಟ್ಟಿದೆ. ಈ ಹೊಣೆ ಬೇಡ ಅನಿಸಿದರೆ ಅವನು ಬಿಡಲೂಬಹುದು.

ಇಷ್ಟು ಕೇಳಿ ಅವರು ಒಂದು ಒಳ್ಳೆ ಪ್ರಶ್ನೆ ಹಾಕಿದರು. "ನಡುವ ಮನಿ ಮಾರಿಬಿಟ್ರ?"

ಇದಕ್ಕೆ ಸುಮ್ನೆ ಧೈರ್ಯದ ಮಾತು ಹೇಳುವ ಹಾಗಿರಲಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಎಕ್ಸಿಕ್ಯೂಟರ್‌ಗೆ ಆಸ್ತಿ ವಿಲೇವಾರಿ ಮಾಡುವ ಅಧಿಕಾರ ಕೊಡುತ್ತದೆ. ಸಾಲ ತೀರಿಸಬೇಕಾದಾಗ ಅದು ಬೇಕಾಗುತ್ತದೆ. ಆದರೆ ಸ್ಥಿರಾಸ್ತಿ ವಿಷಯದಲ್ಲಿ ವಿಲ್‌ನಲ್ಲೇ ನಿರ್ಬಂಧ ಹಾಕಿದರೆ ಅವನ ಕೈ ಕಟ್ಟಿದಂತೆ, ಅದನ್ನು ಮೀರಬೇಕಾದರೆ ಕೋರ್ಟಿಗೆ ಹೋಗಬೇಕು. ಪುಣೆಯ ಕರಡಿನಲ್ಲಿ ನಿರ್ಬಂಧ ಇರಲಿಲ್ಲ. ಬದಲಿಗೆ ಮಾರುವ, ವರ್ಗಾಯಿಸುವ ಪೂರ್ತಿ ಅಧಿಕಾರ ಇದೆ ಅಂತ ಬಿಡಿಸಿ ಬರೆದಿತ್ತು. ತಾಯಿಗೆ ಅದು ಬೇಡ. ತೆಗೆದು ಹಾಕಿದೆವು.

ಆಮೇಲೆ ಕರಡನ್ನು ಪ್ಯಾರಾ ಪ್ಯಾರಾ ಮಾಡಿ ಕನ್ನಡದಲ್ಲಿ ಹೇಳುತ್ತಾ ಹೋದೆ. ವಯಸ್ಸಾದವರಿಗೆ "ತಿಳೀತೇನ್ರಿ?" ಅಂತ ಕೇಳಿ ಪ್ರಯೋಜನ ಇಲ್ಲ. ವಕೀಲರ ಮುಂದೆ ಯಾರೂ ಇಲ್ಲ ಅನ್ನುವುದಿಲ್ಲ, ಹೂಂ ಅಂತಾರೆ. ಅದಕ್ಕೆ ಪ್ರತಿ ಪ್ಯಾರಾ ಮುಗಿದ ಮೇಲೆ ನಾನು ಉತ್ತರ ಬೇಡುವ ಪ್ರಶ್ನೆ ಕೇಳುತ್ತೇನೆ. "ನೀವು ಹೋದ ಮ್ಯಾಲ ಹೊಲ ಯಾರ ಹೆಸರಿಗೆ ಬರ್ತದ?" "ನೀವು ಇರೋತನಕ ಈ ಮನಿ ಯಾರ್ದು?" ಈ ಎರಡನೇ ಪ್ರಶ್ನೆಗೆ ಅವರು ತಡೆದರು. "ಸಹಿ ಮಾಡಿದ ಮ್ಯಾಲ ಅವ್ರದೇ ಅಲ್ಲೇನ್ರಿ?" ಅಂದರು.

ಇದಕ್ಕೂ ಕಾರಣ ಆ ಟೈಪಿಂಗ್ ಅಂಗಡಿಯ ಕನ್ನಡವೇ. ಅದರಲ್ಲಿ "ಈ ಮೂಲಕ ಮನೆಯನ್ನು ಕೊಟ್ಟಿರುತ್ತೇನೆ, ಇಂದಿನಿಂದ ಅವರೇ ಸಂಪೂರ್ಣ ಹಕ್ಕುದಾರರು" ಅಂತ ಇತ್ತು. ಇದು ವಿಲ್‌ನ ಭಾಷೆ ಅಲ್ಲ, ದಾನಪತ್ರದ ಭಾಷೆ. ಬಹುಶಃ ಹಳೇ ದಾನಪತ್ರದ ನಮೂನೆಯಿಂದ ಎತ್ತಿ ಹಾಕಿದ್ದರು. ದಾನಪತ್ರ ನೋಂದಣಿ ಆದ ಮೇಲೆ ಆಸ್ತಿ ಮಕ್ಕಳದ್ದಾಗುತ್ತದೆ, ಮನಸ್ಸು ಬದಲಾಯಿತು ಅಂತ ತಾಯಿ ಸುಮ್ಮನೆ ವಾಪಸ್ ಪಡೆಯಲು ಆಗುವುದಿಲ್ಲ. ನೋಡಿಕೊಳ್ಳಬೇಕು ಅನ್ನುವ ಷರತ್ತು ಹಾಕಿ ಕೊಟ್ಟು, ಮಕ್ಕಳು ಅದನ್ನು ಪಾಲಿಸದಿದ್ದರೆ 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಲ್ಲಿ ರದ್ದತಿಗೆ ಅರ್ಜಿ ಕೊಡಬಹುದು, ಆದರೆ ಅದು ಬೇರೆಯೇ ಹೋರಾಟ. ವಿಲ್ ಹಾಗಲ್ಲ. ತಾಯಿ ಇರುವ ತನಕ ಅದು ಬರೀ ಕಾಗದ. ಬುದ್ಧಿ ಸ್ವಾಧೀನದಲ್ಲಿ ಇರುವಷ್ಟು ದಿನ ಹರಿದು ಹಾಕಬಹುದು, ಬದಲಿಸಬಹುದು, ಹೊಸದು ಬರೆಯಬಹುದು. ಮನೆ ಮಾರಬಹುದು ಕೂಡ, ಯಾರನ್ನೂ ಕೇಳಬೇಕಾಗಿಲ್ಲ.

ಈ ವ್ಯತ್ಯಾಸ ತಿಳಿಯದೆ ಸಹಿ ಮಾಡಿದ ಹಿರಿಯರನ್ನು ನಾನು ನಮ್ಮ ಕೋರ್ಟಿನ ಅಂಗಳದಲ್ಲಿ ನೋಡಿದ್ದೇನೆ. ವಿಲ್ ಅಂತ ನಂಬಿ ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ಆಮೇಲೆ ಸ್ವಂತ ಮನೆಯಲ್ಲೇ ಬಾಡಿಗೆದಾರರ ಹಾಗೆ ಬದುಕುವವರು. ಅದಕ್ಕೇ ಕನ್ನಡದ ವಿಲ್‌ನಲ್ಲಿ "ಕೊಟ್ಟಿದ್ದೇನೆ" ಅನ್ನುವ ಕ್ರಿಯಾಪದವನ್ನೇ ಬಳಸಬೇಡಿ ಅನ್ನುತ್ತೇನೆ. ನಾವು ಬರೆದದ್ದು ಹೀಗೆ:

"ನಾನು ಜೀವಂತ ಇರುವವರೆಗೆ ನನ್ನ ಎಲ್ಲ ಆಸ್ತಿಗೆ ನಾನೇ ಪೂರ್ಣ ಒಡತಿ. ನನ್ನ ಮರಣದ ನಂತರ ಮಾತ್ರ, ಕೆಳಗೆ ಬರೆದ ಮನೆಯು ನನ್ನ ಹಿರಿಯ ಮಗನಿಗೆ ಮತ್ತು ನನ್ನ ಮಗಳಿಗೆ ಸಮ ಅರ್ಧದಂತೆ ಸೇರತಕ್ಕದ್ದು."

ಮುಂದಿನ ಪ್ರಶ್ನೆಯಲ್ಲಿ ನಿಜವಾದ ತೊಡಕು ಹೊರಗೆ ಬಂತು. ಕೊನೆಯ ಪುಟ ಓದಿ "ಬ್ಯಾಂಕಿನ ದುಡ್ಡು ಯಾರಿಗೆ?" ಅಂತ ಕೇಳಿದೆ. ತಾಯಿ "ಮೂವರಿಗೂ" ಅಂದರು. ನಾನು ಮೊದಲು ಬರೆದುಕೊಂಡ ಹಾಳೆಯಲ್ಲೂ ಅದೇ ಇತ್ತು. ಆದರೆ ಕರಡಿನಲ್ಲಿ ಎಫ್‌ಡಿಯ ಮಾತೇ ಇಲ್ಲ, ಬಂಗಾರದ ಮಾತೂ ಇಲ್ಲ. ಕೊನೆಗೆ ಒಂದು ಸಾಲು ಮಾತ್ರ ಇತ್ತು: ಉಳಿದೆಲ್ಲ ಆಸ್ತಿ ಹಿರಿಯ ಮಗನಿಗೆ.

ಇಂಗ್ಲಿಷ್ ವಿಲ್‌ಗಳಲ್ಲಿ ಇದು ಮಾಮೂಲಿ ಸಾಲು. ಹೆಸರಿಸದೆ ಬಿಟ್ಟ ವಸ್ತುಗಳೆಲ್ಲ ಯಾರಿಗೆ ಅಂತ ಹೇಳುವ ಕಲಮು ಅದು. ಆ ಸಾಲು ಇರಲೇಬೇಕು, ಇಲ್ಲದಿದ್ದರೆ ಬಿಟ್ಟುಹೋದ ಆಸ್ತಿ ವಿಲ್ ಇಲ್ಲದವರ ಆಸ್ತಿಯ ಹಾಗೆ ವಾರಸುದಾರರಿಗೆ ಹಂಚಿಹೋಗುತ್ತದೆ. ಸಮಸ್ಯೆ ಏನೆಂದರೆ ಓದುವಾಗ ಅದು ಬಾಲದ ಮಾತಿನ ಹಾಗೆ ಕೇಳುತ್ತದೆ, "ಇತ್ಯಾದಿ" ಅಂದ ಹಾಗೆ. ಟೈಪಿಂಗ್ ಅಂಗಡಿಯವರು "ಉಳಿಕೆ ಶೇಷ ಸ್ವತ್ತು" ಅಂತ ಬರೆದಿದ್ದರು. ಮನೆಯ ಹಳೇ ಪಾತ್ರೆ ಪಡಗ ಇರಬೇಕು ಅಂತ ತಾಯಿ ತಿಳಿದಿದ್ದರು. ಆದರೆ ಇವರ ವಿಷಯದಲ್ಲಿ ಉಳಿಕೆ ಅಂದರೆ 6 ಲಕ್ಷ ರೂಪಾಯಿ ಮತ್ತು 15 ತೊಲಿ ಬಂಗಾರ.

ಅಂದರೆ ಮನೆಯವರ ಭಯ ತಪ್ಪು ವಾಕ್ಯದ ಮೇಲೆ ಕೂತಿತ್ತು. ಎಕ್ಸಿಕ್ಯೂಟರ್ ಅಂದದ್ದಕ್ಕೆ ದೊಡ್ಡ ಮಗನಿಗೆ ಒಂದು ರೂಪಾಯಿಯೂ ಜಾಸ್ತಿ ಸಿಗುತ್ತಿರಲಿಲ್ಲ. ಯಾರೂ ತಲೆ ಕೆಡಿಸಿಕೊಳ್ಳದ ಉಳಿಕೆಯ ಸಾಲು ಅವನಿಗೆ ಎಫ್‌ಡಿ, ಬಂಗಾರ ಎರಡನ್ನೂ ಕೊಡುತ್ತಿತ್ತು.

ದೊಡ್ಡ ಮಗನಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವನಿಗೆ ಎಫ್‌ಡಿ ಇರುವುದೇ ಗೊತ್ತಿರಲಿಲ್ಲ, ತಾಯಿ ಯಾರಿಗೂ ಹೇಳಿರಲಿಲ್ಲ. ಅವನು ಮನೆ, ಹೊಲ ಅಂತ ಎರಡೇ ಹೇಳಿದ್ದ, ಅಲ್ಲಿಯ ವಕೀಲರು ತಮ್ಮ ನಮೂನೆಯಲ್ಲಿದ್ದ ಕೊನೆಯ ಕಲಮಿಗೆ ಅವನ ಹೆಸರು ಹಾಕಿದ್ದರು. ಚಿಕ್ಕವನು ಅಂದುಕೊಂಡ ಹಾಗೆ ಮೋಸದ ಮಾತೇ ಇರಲಿಲ್ಲ. ಈ ವಿಷಯ ಚಿಕ್ಕವನಿಗೂ ತಿಳಿಸಿ ಅಂತ ಮಗಳಿಗೆ ಹೇಳಿದೆ, ಯಾಕಂದರೆ ವಿಲ್ ಸರಿ ಮಾಡಿದರೂ ಆ ಅನುಮಾನ ಉಳಿದರೆ ನಾಳೆ ಕೇಸಾಗುವುದು ಅದರಿಂದಲೇ.

ಹೊಸ ವಿಲ್‌ನಲ್ಲಿ ಎಫ್‌ಡಿಗೆ, ಬಂಗಾರಕ್ಕೆ ಬೇರೆ ಬೇರೆ ಕಲಮು ಹಾಕಿದೆವು. ಉಳಿಕೆಯ ಸಾಲನ್ನು "ಮೇಲೆ ಹೆಸರಿಸದ, ನಾನು ಸಾಯುವ ವೇಳೆಗೆ ನನ್ನದಾಗಿರುವ ಹಣ, ಒಡವೆ, ಸ್ಥಿರ ಚರ ಆಸ್ತಿ ಎಲ್ಲವೂ ನನ್ನ ಮೂವರು ಮಕ್ಕಳಿಗೆ ಸಮ ಪಾಲಿನಂತೆ" ಅಂತ ಬದಲಿಸಿದೆವು. ಎಫ್‌ಡಿಗೆ ಮಗಳ ಹೆಸರು ನಾಮಿನಿ ಆಗಿತ್ತು. ನಾಮಿನಿ ಮಾಡಿದ್ದೇನೆ, ಅವಳಿಗೇ ಹೋಗುತ್ತದೆ ಅನ್ನುವ ಗೊಂದಲ ಇಲ್ಲಿ ಇರಲಿಲ್ಲವಾದರೂ ಮಗಳಿಗೆ ಸ್ಪಷ್ಟ ಮಾಡಿದೆ: ಬ್ಯಾಂಕು ದುಡ್ಡನ್ನು ನಾಮಿನಿಯ ಕೈಗೆ ಕೊಡುತ್ತದೆ, ಆದರೆ ಅದು ವಿಲ್‌ನಲ್ಲಿ ಯಾರ ಹೆಸರಿದೆಯೋ ಅವರ ದುಡ್ಡು. ಅವಳು ಅದನ್ನು ಮೂರು ಪಾಲು ಮಾಡಬೇಕು.

ಎಕ್ಸಿಕ್ಯೂಟರ್ ಕಲಮು ಹೀಗಾಯಿತು: "ಈ ಮೃತ್ಯುಪತ್ರದಲ್ಲಿ ಬರೆದಂತೆ ಆಸ್ತಿ ಹಂಚಿಕೊಡುವ ಕೆಲಸಕ್ಕೆ ನನ್ನ ಹಿರಿಯ ಮಗನನ್ನು ನಿರ್ವಾಹಕನನ್ನಾಗಿ ನೇಮಿಸಿದ್ದೇನೆ. ನಿರ್ವಾಹಕ ಆದ ಕಾರಣಕ್ಕೆ ಅವನಿಗೆ ಯಾವ ಆಸ್ತಿಯ ಮೇಲೂ ಹೆಚ್ಚಿನ ಪಾಲು ಇಲ್ಲ. ಮನೆ ಮತ್ತು ಹೊಲವನ್ನು ಅವನು ಮಾರಕೂಡದು, ಒತ್ತೆ ಇಡಕೂಡದು. ಅವನು ಇಲ್ಲದಿದ್ದರೆ ಅಥವಾ ಒಪ್ಪದಿದ್ದರೆ ನನ್ನ ಮಗಳು ನಿರ್ವಾಹಕಿ." ನಿರ್ವಾಹಕ ಅನ್ನುವ ಪದ ತಾಯಿಗೆ ಹೊಸದು, ಆದರೆ ಮುಂದಿನ ಸಾಲುಗಳು ಅದರ ಅರ್ಥವನ್ನು ಹೇಳಿಬಿಡುತ್ತವೆ. ವಾಪಸ್ ಕೇಳಿದಾಗ "ಓಡಾಡೋ ಕೆಲ್ಸ ಅವಂದು, ಪಾಲು ಎಲ್ಲಾರ್ದು" ಅಂದರು. ನನಗೆ ಅಷ್ಟು ಸಾಕಿತ್ತು.

ಇಂಗ್ಲಿಷ್ ಪ್ರತಿಗೂ ಸಹಿ ಇರಲಿ ಅಂತ ದೊಡ್ಡ ಮಗ ಕೇಳಿದ. ನಾನು ಒಪ್ಪಲಿಲ್ಲ. ಎರಡು ಭಾಷೆಯಲ್ಲಿ ಎರಡು ಪ್ರತಿಗೆ ಸಹಿ ಮಾಡಿದರೆ ಎರಡು ವಿಲ್ ಆದಂತೆ. ಒಂದು ಸಾಲು ಹೆಚ್ಚು ಕಡಿಮೆ ಆದರೂ ಯಾವುದು ಕೊನೆಯದು, ಯಾವುದು ನಿಜ ಅಂತ ವಾದ ಹುಟ್ಟುತ್ತದೆ. ವಿಲ್ ಇಂಗ್ಲಿಷಿನಲ್ಲೇ ಇರಬೇಕು ಅಂತ ಎಲ್ಲೂ ಇಲ್ಲ. ತಾಯಿ ಓದಬಲ್ಲ ಕನ್ನಡದ ಪ್ರತಿಯೇ ಮೂಲ, ಅವನಿಗೆ ಬೇಕಾದರೆ ಅದರ ಇಂಗ್ಲಿಷ್ ಅನುವಾದವನ್ನು ಸಹಿ ಇಲ್ಲದೆ ಇಟ್ಟುಕೊಳ್ಳಲಿ. ಅಕ್ಷರ ದೊಡ್ಡದು ಮಾಡಿ ಪ್ರಿಂಟ್ ತೆಗೆಸಿದೆವು. ತಾಯಿ ಬೆರಳಿಟ್ಟುಕೊಂಡು ಎರಡು ದಿನ ತಾವೇ ಓದಿದರು, ಒಂದು ಸೊಸೆಯ ಹೆಸರಿನ ಕಾಗುಣಿತ ತಪ್ಪಾಗಿದ್ದನ್ನು ಅವರೇ ಹಿಡಿದರು.

ಸಾಕ್ಷಿಗೆ ಇಬ್ಬರು ಬೇಕು. ಮನೆಯ ಡಾಕ್ಟರು ಒಬ್ಬರು, ಪಕ್ಕದ ಮನೆಯ ರಿಟೈರ್ಡ್ ಹೆಡ್ ಮಾಸ್ತರು ಇನ್ನೊಬ್ಬರು. ತಾಯಿ ಸಹಿ ಮಾಡುವುದನ್ನು ಸಾಕ್ಷಿಗಳು ಕಣ್ಣಾರೆ ನೋಡಿರಬೇಕು, ಇಲ್ಲವೇ ಇದು ನನ್ನದೇ ಸಹಿ ಅಂತ ತಾಯಿಯೇ ಅವರಿಗೆ ಹೇಳಿರಬೇಕು. ಆಮೇಲೆ ಅವರು ತಾಯಿಯ ಎದುರಿಗೇ ಸಹಿ ಮಾಡಬೇಕು. ನಾಳೆ ತಕರಾರು ಬಂದರೆ ಇಬ್ಬರಲ್ಲಿ ಒಬ್ಬರಾದರೂ ಕೋರ್ಟಿನಲ್ಲಿ ನಿಂತು ಹೇಳಬೇಕಾಗುತ್ತದೆ, ಅದಕ್ಕೇ ತಾಯಿಗಿಂತ ವಯಸ್ಸಿನಲ್ಲಿ ಚಿಕ್ಕವರನ್ನು ಆರಿಸುವುದು ಒಳ್ಳೆಯದು. ಅಳಿಯ ಸಾಕ್ಷಿ ಹಾಕುತ್ತೇನೆ ಅಂದ. ಹಿಂದೂಗಳ ವಿಲ್‌ನಲ್ಲಿ ಅಷ್ಟಕ್ಕೇ ಹೆಂಡತಿಯ ಪಾಲು ರದ್ದಾಗುವುದಿಲ್ಲ, ಆದರೂ ಇಲ್ಲದ ಅನುಮಾನಕ್ಕೆ ದಾರಿ ಯಾಕೆ ಅಂತ ಬೇಡ ಅಂದೆ. ಕೊನೆಯಲ್ಲಿ, ಈ ಮೃತ್ಯುಪತ್ರವನ್ನು ನಾನು ಸ್ವತಃ ಓದಿದ್ದೇನೆ, ಇಂಥವರು ಕಲಮು ಕಲಮಾಗಿ ಕನ್ನಡದಲ್ಲಿ ವಿವರಿಸಿದ್ದಾರೆ ಅಂತ ಒಂದು ಪ್ಯಾರಾ ಸೇರಿಸಿ, ಬರೆದವರ ಜಾಗದಲ್ಲಿ ನಾನು ಸಹಿ ಹಾಕಿದೆ.

ವಿಲ್‌ಗೆ ನೋಂದಣಿ ಕಡ್ಡಾಯ ಅಲ್ಲ, ಸ್ಟ್ಯಾಂಪ್ ಡ್ಯೂಟಿಯೂ ಇಲ್ಲ. ಆದರೂ ಮಾಡಿಸಿದೆವು. ತಾಯಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ, ಹಾಗಾಗಿ ಅರ್ಜಿ ಮತ್ತು ಶುಲ್ಕ ಕಟ್ಟಿ ಸಬ್ ರಿಜಿಸ್ಟ್ರಾರ್ ಅವರನ್ನು ಮನೆಗೆ ಕರೆಸಿಕೊಂಡೆವು. 1908ರ ನೋಂದಣಿ ಕಾಯ್ದೆಯಲ್ಲೇ ಅದಕ್ಕೆ ಅವಕಾಶ ಇದೆ.

ಇಷ್ಟಾದರೂ ಹೊಲದ ವಿಷಯ ಅರ್ಧ ಉಳಿದಿದೆ. ಕರಡಿನಲ್ಲಿ ಎರಡು ಸರ್ವೆ ನಂಬರ್ ಇತ್ತು. ಪಹಣಿ ತೆಗೆಸಿ ನೋಡಿದರೆ 3 ಎಕರೆ 20 ಗುಂಟೆ ಮಾತ್ರ ತಾಯಿಯ ಹೆಸರಿನಲ್ಲಿದೆ. ಇನ್ನೊಂದು 4 ಎಕರೆ ಇವತ್ತಿಗೂ ತೀರಿಹೋದ ಯಜಮಾನರ ಹೆಸರಿನಲ್ಲೇ ಇದೆ. ಅದು ಅವರು ಸ್ವಂತ ದುಡ್ಡಿನಿಂದ ಖರೀದಿ ಮಾಡಿದ ಜಮೀನು, ಅವರು ವಿಲ್ ಮಾಡಿರಲಿಲ್ಲ. ಅಂದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಾಯಿ ಮತ್ತು ಮೂವರು ಮಕ್ಕಳಿಗೆ ತಲಾ ನಾಲ್ಕನೇ ಒಂದು ಪಾಲು. ತಾಯಿ ವಿಲ್‌ನಲ್ಲಿ ಚಿಕ್ಕ ಮಗನಿಗೆ ಬರೆಯಬಹುದಾದದ್ದು ಅದರಲ್ಲಿ ಒಂದು ಎಕರೆ ಮಾತ್ರ, ಉಳಿದ ಮೂರು ಎಕರೆ ಆಗಲೇ ಮಕ್ಕಳದ್ದು. ವಿಲ್‌ನಲ್ಲಿ "ಆ ಜಮೀನಿನಲ್ಲಿ ನನಗೆ ಇರುವ ಪಾಲು" ಅಂತ ಮಾತ್ರ ಬರೆದಿದ್ದೇವೆ. ಆ ಸರ್ವೆ ನಂಬರಿಗೆ ನಾಲ್ವರ ಹೆಸರಿನಲ್ಲಿ ವಾರಸಾ ಅರ್ಜಿ ಕೊಟ್ಟಾಗಿದೆ. ದೊಡ್ಡ ಮಗ ಮತ್ತು ಮಗಳು ತಮ್ಮ ಎಕರೆಗಳನ್ನು ಚಿಕ್ಕವನಿಗೆ ಬಿಟ್ಟುಕೊಡಲು ಒಪ್ಪಿದರೆ ಹಕ್ಕು ಬಿಡುಗಡೆ ಪತ್ರವನ್ನು ಬೇರೆಯಾಗಿ ನೋಂದಣಿ ಮಾಡಿಸಬೇಕು, ತಾಯಿಯ ವಿಲ್‌ನಿಂದ ಅದು ಆಗುವುದಿಲ್ಲ. ಮಗಳು ಒಪ್ಪಿದ್ದಾಳೆ. ದೊಡ್ಡವನು ದೀಪಾವಳಿಗೆ ಊರಿಗೆ ಬಂದಾಗ ಕೂತು ಮಾತಾಡೋಣ ಅಂದಿದ್ದಾನೆ.